ಅರವತ್ತು ಪುಟದ ಯಂತ್ರಾನುವಾದಕ್ಕೆ ಅಂಕ ಹಾಕುವ ಬಗೆ

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್ಕಿನಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ತಾಣದ ಸ್ವಯಂಚಾಲಿತ ಅನುವಾದ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ, ತೀರಿಕೊಂಡವರು ಮುಖ್ಯಮಂತ್ರಿಯೇ ಎಂಬ ಅರ್ಥ ಬಂತು. ಮುಖ್ಯಮಂತ್ರಿಗಳ ಕಚೇರಿಯಿಂದ ಮೆಟಾ ಕಂಪನಿಗೆ ದೂರು ಹೋಯಿತು. ಕಂಪನಿ ಕ್ಷಮೆ ಕೇಳಿ, ದೋಷ ಸರಿಪಡಿಸಿರುವುದಾಗಿ ಹೇಳಿತು.

ಆ ಅನುವಾದದಲ್ಲಿ ಮುಖ್ಯಮಂತ್ರಿ, ನಟಿ, ದರ್ಶನ, ನಿಧನ ಎಲ್ಲವೂ ಇದ್ದವು. ಕೆಟ್ಟದ್ದು ಒಂದೇ: ನಿಧನ ಯಾರದು ಎಂಬ ಸಂಬಂಧ. ಎರಡು ಸಾಲಿನ ಬರಹವಾದ್ದರಿಂದ ಓದಿದವರಿಗೆಲ್ಲ ತಪ್ಪು ಕಣ್ಣಿಗೆ ಹೊಡೆಯಿತು. ಇದೇ ಬಗೆಯ ತಪ್ಪು ಅರವತ್ತು ಪುಟದ ದಾಖಲೆಯ ನಲವತ್ತಮೂರನೇ ಪುಟದಲ್ಲಿ ಕುಳಿತಿದ್ದರೆ ಅದನ್ನು ಹಿಡಿಯುವವರು ಯಾರು, ಹೇಗೆ?

ಈ ಪ್ರಶ್ನೆ ಈಗ ಕನ್ನಡಕ್ಕೂ ಬಂದಿದೆ. ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ 'ಸುವಾಸ್' ಎಂಬ ಅನುವಾದ ತಂತ್ರಾಂಶವನ್ನು ಬಳಕೆಗೆ ತಂದಿತು. ಅಲ್ಲಿಂದೀಚೆಗೆ ತೀರ್ಪುಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ದೊರೆಯುತ್ತಿವೆ. ಯಂತ್ರದ ಕರಡನ್ನು ಅನುವಾದಕರು ತಿದ್ದಿದ ಮೇಲೂ ಅಧಿಕೃತ ಪಠ್ಯ ಇಂಗ್ಲಿಷಿನದೇ ಎಂಬ ಷರಾ ಅದರ ಜೊತೆಗಿರುತ್ತದೆ. ತೀರ್ಪು ಎಂಬುದು ಉದ್ದ ದಾಖಲೆಯ ಒಳ್ಳೆಯ ಮಾದರಿ. ಕಥನ, ವಾದ, ಕಾನೂನಿನ ಉದ್ಧರಣೆ, ವಿಶ್ಲೇಷಣೆ, ಕೊನೆಗೆ ಆದೇಶ ಎಂದು ಅದರೊಳಗೆ ನಾಲ್ಕೈದು ಬಗೆಯ ಬರವಣಿಗೆ ಇರುತ್ತದೆ. ಹಾಗಾಗಿ ಗುಣಮಟ್ಟ ಅಳೆಯುವ ವಿಧಾನಗಳ ಬಲವೂ ದೌರ್ಬಲ್ಯವೂ ಇಲ್ಲಿ ಎದ್ದು ಕಾಣುತ್ತವೆ.

ಯಂತ್ರವನ್ನು ಯಂತ್ರವೇ ಅಳೆದರೆ

ಅಗ್ಗದ ದಾರಿ ಸ್ವಯಂಚಾಲಿತ ಅಂಕ. ಐಬಿಎಂ ಸಂಶೋಧಕರು 2002ರಲ್ಲಿ ಪ್ರಕಟಿಸಿದ 'ಬ್ಲೂ' ಎಂಬ ಅಳತೆ ಯಂತ್ರದ ಅನುವಾದವನ್ನು ಮನುಷ್ಯರ ಅನುವಾದದ ಪಕ್ಕದಲ್ಲಿಟ್ಟು, ಎಷ್ಟು ಪದಗಳು, ಎಷ್ಟು ಪದಗುಚ್ಛಗಳು ಹೊಂದಿಕೆಯಾಗುತ್ತವೆ ಎಂದು ಎಣಿಸುತ್ತದೆ. ಎರಡು ತಂತ್ರಾಂಶಗಳಲ್ಲಿ ಯಾವುದು ವಾಸಿ ಎಂದು ನೋಡಲು ಅದು ಉಪಯೋಗಕ್ಕೆ ಬಂತು. ಕನ್ನಡಕ್ಕೆ ಅದು ಚೆನ್ನಾಗಿ ಹೊಂದುವುದಿಲ್ಲ. 'ನ್ಯಾಯಾಲಯಕ್ಕೆ', 'ನ್ಯಾಯಾಲಯದಿಂದ', 'ನ್ಯಾಯಾಲಯವೂ' ಎಂಬವು ಎಣಿಕೆಗೆ ಮೂರು ಬೇರೆ ಪದಗಳು. ಪ್ರತ್ಯಯ ಒಂದು ಬದಲಾದರೆ ಹೊಂದಿಕೆಯೇ ಇಲ್ಲ. ಪದಗಳ ಬದಲು ಅಕ್ಷರಗುಚ್ಛಗಳನ್ನು ಎಣಿಸುವ ವಿಧಾನ 2015ರಲ್ಲಿ ಬಂದ ಮೇಲೆ ಈ ತೊಂದರೆ ಕಡಿಮೆಯಾಯಿತು. ಈಚಿನ ಅಳತೆಗಳು ಅರ್ಥದ ಹತ್ತಿರವನ್ನೂ ಅಂದಾಜಿಸುತ್ತವೆ.

ಆದರೂ ಎರಡು ಅಡ್ಡಿಗಳು ಉಳಿದಿವೆ. ಹೋಲಿಸಿ ನೋಡುವ ಅಳತೆಗಳಿಗೆ ಮನುಷ್ಯರು ಮಾಡಿದ ಅನುವಾದ ಮೊದಲೇ ಕೈಯಲ್ಲಿರಬೇಕು. ನಿನ್ನೆ ಹೊರಬಿದ್ದ ತೀರ್ಪಿಗೆ ಅದು ಎಲ್ಲಿಂದ ಬರಬೇಕು? ಇನ್ನೊಂದು, ಇವೆಲ್ಲ ಬಹುಮಟ್ಟಿಗೆ ಒಂದೊಂದೇ ವಾಕ್ಯವನ್ನು ನೋಡುತ್ತವೆ.

ವಾಕ್ಯಕ್ಕೆ ವಾಕ್ಯ ನೋಡಿದರೆ ಏನು ಕಣ್ತಪ್ಪುತ್ತದೆ ಎಂಬುದು 2018ರಲ್ಲಿ ಸ್ಪಷ್ಟವಾಯಿತು. ಚೀನಿ ಭಾಷೆಯ ಸುದ್ದಿಗಳನ್ನು ಇಂಗ್ಲಿಷಿಗೆ ತರುವುದರಲ್ಲಿ ತಮ್ಮ ಯಂತ್ರ ಮನುಷ್ಯರಿಗೆ ಸಮನಾಗಿದೆ ಎಂದು ಮೈಕ್ರೋಸಾಫ್ಟ್ ತಂಡವೊಂದು ಆ ವರ್ಷ ಹೇಳಿತು. ಅದೇ ವರ್ಷ ಲಾಯ್ಬ್ಲಿ, ಸೆನ್ರಿಚ್ ಮತ್ತು ಫೋಲ್ಕ್ ಎಂಬ ಸಂಶೋಧಕರು ಅದೇ ಅನುವಾದಗಳನ್ನು ವೃತ್ತಿಪರ ಅನುವಾದಕರ ಮುಂದಿಟ್ಟರು. ಒಮ್ಮೆ ಬಿಡಿ ವಾಕ್ಯಗಳಾಗಿ, ಇನ್ನೊಮ್ಮೆ ಇಡೀ ಬರಹವಾಗಿ ಕೊಟ್ಟರು. ಇಡೀ ಬರಹ ಓದಿದಾಗ ಮನುಷ್ಯರ ಅನುವಾದದ ಕಡೆಗಿನ ಒಲವು ಎದ್ದು ಕಂಡಿತು. ಒಂದೇ ಹೆಸರು ಎರಡು ರೂಪದಲ್ಲಿ ಬರುವುದು, ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬ ಗೊಂದಲ, ಒಂದೇ ಪರಿಭಾಷೆ ಜಾಗಕ್ಕೊಂದು ವೇಷ ತೊಡುವುದು, ಇವೆಲ್ಲ ವಾಕ್ಯಗಳ ನಡುವಿನ ತಪ್ಪುಗಳು. ಬಿಡಿ ವಾಕ್ಯವನ್ನು ನೋಡುವವರಿಗೆ ಅವು ಇರುವುದೇ ತಿಳಿಯುವುದಿಲ್ಲ.

ತೀರ್ಪಿನಲ್ಲಿ ಇದರ ಉದಾಹರಣೆ ಸುಲಭವಾಗಿ ಸಿಗುತ್ತದೆ. ಹೈಕೋರ್ಟಿನಲ್ಲಿ ಎದುರುದಾರನಾಗಿದ್ದವನು ಸುಪ್ರೀಂ ಕೋರ್ಟಿಗೆ ಮೇಲ್ಮನವಿದಾರನಾಗಿ ಬಂದಿರುತ್ತಾನೆ. ಯಂತ್ರ ಅವನನ್ನು ಹತ್ತನೇ ಪ್ಯಾರಾದಲ್ಲಿ 'ಮೇಲ್ಮನವಿದಾರ' ಎಂದೂ ಮೂವತ್ತರಲ್ಲಿ 'ಅರ್ಜಿದಾರ' ಎಂದೂ ಕರೆದರೆ ಎರಡು ವಾಕ್ಯಗಳೂ ಬಿಡಿಯಾಗಿ ಸರಾಗವಾಗಿಯೇ ಇರುತ್ತವೆ. ಒಟ್ಟಿಗೆ ಓದಿದಾಗ ಮಾತ್ರ ಮೊಕದ್ದಮೆಯಲ್ಲಿ ಇಲ್ಲದ ಮೂರನೆಯವನೊಬ್ಬ ಹುಟ್ಟಿಕೊಂಡಿರುತ್ತಾನೆ.

ಯಾವ ಪುಟಗಳನ್ನು ಓದಬೇಕು?

ಹಾಗಾದರೆ ಮನುಷ್ಯರೇ ಓದಬೇಕು. ಅರವತ್ತು ಪುಟವನ್ನು ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸುವುದಕ್ಕೆ ಹೊಸದಾಗಿ ಅನುವಾದಿಸುವಷ್ಟೇ ಹೊತ್ತು ಹಿಡಿಯಬಹುದು. ಅದಕ್ಕೇ ಒಂದು ಭಾಗವನ್ನು ಆರಿಸಿ ನೋಡುವ ರೂಢಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಪಾತ್ರೆಯೊಳಗಿನ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಕುದಿದಿರುವುದರಿಂದ ಆ ಮಾತು ನಿಲ್ಲುತ್ತದೆ. ದಾಖಲೆಯ ಪುಟಗಳು ಹಾಗೆ ಕುದಿದಿರುವುದಿಲ್ಲ. ಘಟನೆಗಳನ್ನು ಹೇಳುವ ಪುಟಗಳಲ್ಲಿ ಯಂತ್ರ ಚೆನ್ನಾಗಿ ನಡೆಯುತ್ತದೆ. ಅಧಿನಿಯಮದ ಕಲಮನ್ನು ಉದ್ಧರಿಸಿದಲ್ಲಿ, ಹನ್ನೆರಡು ಸಾಲಿನ ಒಂದೇ ವಾಕ್ಯದಲ್ಲಿ 'ಆದರೆ', 'ಹೊರತು', 'ಒಳಪಟ್ಟು' ಎಂಬ ಷರತ್ತುಗಳು ಹೆಣೆದುಕೊಂಡಾಗ, ಅದೇ ಯಂತ್ರ ಎಡವುತ್ತದೆ.

ಮೊದಲ ಹತ್ತು ಪುಟ ಓದಿ ಷರಾ ಬರೆಯುವುದು ಕಚೇರಿಗಳಲ್ಲಿ ಕಾಣುವ ಅಭ್ಯಾಸ. ತೀರ್ಪಿನ ಮೊದಲ ಹತ್ತು ಪುಟ ಸಾಮಾನ್ಯವಾಗಿ ಘಟನಾವಳಿ, ಅಂದರೆ ಯಂತ್ರಕ್ಕೆ ಸುಲಭವಾದ ಭಾಗ. ಆದ್ದರಿಂದ ಬಲ್ಲವರು ದಾಖಲೆಯನ್ನು ಮೊದಲು ಬರವಣಿಗೆಯ ಬಗೆಗೆ ತಕ್ಕಂತೆ ಪದರಗಳಾಗಿ ವಿಂಗಡಿಸುತ್ತಾರೆ. ಆಮೇಲೆ ಪ್ರತಿ ಪದರದಿಂದ ಚೀಟಿ ಎತ್ತಿದಂತೆ ತುಣುಕುಗಳನ್ನು ಆರಿಸುತ್ತಾರೆ. ತುಣುಕು ಎಂದರೆ ಬಿಡಿ ವಾಕ್ಯವಲ್ಲ, ಇನ್ನೂರೈವತ್ತು ಪದಗಳಷ್ಟು ಉದ್ದದ ಎಡೆಬಿಡದ ಭಾಗ. ಸರ್ವನಾಮ, ಪರಿಭಾಷೆ, ವಾದದ ಎಳೆ ಇವು ಕಾಣಲು ಅಷ್ಟಾದರೂ ಬೇಕು. ಎಣಿಕೆ ಇಂಗ್ಲಿಷ್ ಮೂಲದ ಪದಗಳದ್ದೇ ಆಗಿರಬೇಕು. ವಿಭಕ್ತಿ, ಕಾಲ, ಸಂಧಿ ಎಲ್ಲವೂ ಪದದೊಳಗೇ ಸೇರುವ ಕನ್ನಡದಲ್ಲಿ ಅದೇ ವಿಷಯಕ್ಕೆ ಪದಗಳು ಕಡಿಮೆ ಬೀಳುತ್ತವೆ. ಕನ್ನಡ ಪದಗಳಿಂದ ಭಾಗಿಸಿದರೆ ತಪ್ಪಿನ ಪ್ರಮಾಣ ಸುಮ್ಮನೆ ಹೆಚ್ಚು ಕಾಣುತ್ತದೆ, ಹಿಂದಿ ಅನುವಾದದೊಂದಿಗೆ ಹೋಲಿಸಲೂ ಬರುವುದಿಲ್ಲ.

ಮಾದರಿಗೆ ಇನ್ನೊಂದು ಮಿತಿಯಿದೆ, ಅದು ಬರೀ ಗಣಿತ. ದಾಖಲೆಯ ಐದರಲ್ಲಿ ಒಂದು ಭಾಗ ಓದಿದರು ಎಂದುಕೊಂಡರೆ, ಎಲ್ಲೋ ಇರುವ ಒಂದೇ ಒಂದು ಮಾರಕ ದೋಷ ಓದುಗರ ಕಣ್ಣಿಗೆ ಬೀಳದಿರುವ ಸಾಧ್ಯತೆ ಶೇ 80. ಅಂಥ ದೋಷ ಮೂರಿದ್ದು, ಬೇರೆ ಬೇರೆ ಕಡೆ ಚದುರಿದ್ದರೆ, ಮೂರೂ ತಪ್ಪಿಸಿಕೊಳ್ಳುವ ಸಾಧ್ಯತೆ ಶೇ 51. ಹತ್ತಿದ್ದರೂ ಒಂದೂ ಸಿಗದೆ ಹೋಗುವ ಸಾಧ್ಯತೆ ಶೇ 11ರಷ್ಟು ಉಳಿಯುತ್ತದೆ. ಪದೇ ಪದೇ ಬರುವ ಸಾಮಾನ್ಯ ದೋಷಗಳ ಪ್ರಮಾಣವನ್ನು ಮಾದರಿ ಚೆನ್ನಾಗಿ ಹೇಳುತ್ತದೆ. ಅಪರೂಪದ, ಅಪಾಯಕಾರಿ ದೋಷ ಇಲ್ಲ ಎಂದು ಅದು ಹೇಳಲಾರದು.

ಈ ಕೊರತೆ ತುಂಬಲು ಎರಡು ಕೆಲಸಗಳನ್ನು ಮಾದರಿಯ ಆಚೆಗೆ ಮಾಡಬೇಕಾಗುತ್ತದೆ. ತಪ್ಪಾದರೆ ಹಾನಿಯಾಗುವ ಭಾಗಗಳನ್ನು, ಅಂದರೆ ತೀರ್ಪಿನ ಅಂತಿಮ ಆದೇಶ, ಶಿಕ್ಷೆಯ ಅವಧಿ, ಪರಿಹಾರದ ಮೊತ್ತ, ಗಡುವು ಇವುಗಳನ್ನು, ಚೀಟಿಗೆ ಬಿಡದೆ ಪೂರ್ತಿ ಓದುವುದು ಒಂದು. ಇಡೀ ದಾಖಲೆಯ ಮೇಲೆ ಒಂದು ಯಾಂತ್ರಿಕ ಜಾಲಾಟ ಇನ್ನೊಂದು. ಎರಡೂ ಕಡೆ ಪ್ಯಾರಾ ಸಂಖ್ಯೆಗಳು ಸಮವಾಗಿವೆಯೇ? ಮೂಲದ ಪ್ರತಿ ಅಂಕಿ, ದಿನಾಂಕ, ಕಲಮು ಸಂಖ್ಯೆ ಅನುವಾದದಲ್ಲೂ ಇದೆಯೇ? ಯಾವುದಾದರೂ ಪ್ಯಾರಾ ಮೂಲಕ್ಕಿಂತ ತೀರಾ ಗಿಡ್ಡವಾಗಿದೆಯೇ? ಯಂತ್ರ ಒಂದು ವಾಕ್ಯವನ್ನು ನುಂಗಿಹಾಕಿದ್ದರೆ ಸಾಮಾನ್ಯವಾಗಿ ಸಿಕ್ಕಿಬೀಳುವುದು ಈ ಕೊನೆಯ ಪರೀಕ್ಷೆಯಲ್ಲಿ. ಸ್ಪ್ರೆಡ್‌ಶೀಟ್ ಬಲ್ಲವರು ಇದನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ.

ತಪ್ಪಿಗೊಂದು ಹೆಸರು, ಹೆಸರಿಗೊಂದು ತೂಕ

'ಅನುವಾದ ಪರವಾಗಿಲ್ಲ', 'ಸ್ವಲ್ಪ ಯಾಂತ್ರಿಕವಾಗಿದೆ' ಎಂಬ ಷರಾಗಳಿಂದ ಯಾರೂ ಏನನ್ನೂ ತಿದ್ದಲಾರರು. ಈ ಕಷ್ಟವನ್ನು ಮೊದಲೇ ಕಂಡವರಲ್ಲಿ ಅಮೆರಿಕದ ಕಾರು ತಯಾರಕರಿದ್ದರು. ಅವರ ರಿಪೇರಿ ಕೈಪಿಡಿಗಳು ಹತ್ತಾರು ಭಾಷೆಗಳಿಗೆ ಹೋಗುತ್ತಿದ್ದವು. 2001ರಲ್ಲಿ ಅಲ್ಲಿನ ವಾಹನ ಎಂಜಿನಿಯರುಗಳ ಸಂಘ ಜೆ2450 ಎಂಬ ಮಾನಕವನ್ನು ತಂದಿತು. ಅದರಲ್ಲಿ ದೋಷಗಳಿಗೆ ಏಳೇ ವರ್ಗ: ತಪ್ಪು ಪರಿಭಾಷೆ, ವಾಕ್ಯರಚನೆ, ಬಿಟ್ಟುಹೋದದ್ದು, ಪದರೂಪ, ಕಾಗುಣಿತ, ವಿರಾಮ ಚಿಹ್ನೆ, ಇತರೆ. ಪ್ರತಿಯೊಂದಕ್ಕೂ ಗಂಭೀರ ಮತ್ತು ಸಣ್ಣ ಎಂಬ ಎರಡು ತೂಕ. ತಪ್ಪು ಪರಿಭಾಷೆ ಗಂಭೀರವಾದರೆ 5 ಅಂಕ, ವಿರಾಮ ಚಿಹ್ನೆಯ ಸಣ್ಣ ತಪ್ಪಿಗೆ 1. ಒಟ್ಟು ಮೊತ್ತವನ್ನು ಮೂಲದ ಪದಗಳಿಂದ ಭಾಗಿಸಿದರೆ ದರ ಸಿಗುತ್ತದೆ. ಅದರಲ್ಲಿ ಎರಡು ಜಾಣ ನಿಯಮಗಳೂ ಇದ್ದವು: ದೋಷ ಯಾವ ವರ್ಗದ್ದು ಎಂಬ ಅನುಮಾನ ಬಂದರೆ ಪಟ್ಟಿಯಲ್ಲಿ ಮೊದಲು ಬರುವ ವರ್ಗಕ್ಕೆ ಹಾಕಿ, ಗಂಭೀರವೋ ಸಣ್ಣದೋ ಎಂಬ ಅನುಮಾನ ಬಂದರೆ ಗಂಭೀರ ಎಂದೇ ಎಣಿಸಿ. ಪರಿಶೀಲಕರ ನಡುವಿನ ಜಗಳ ಅರ್ಧ ಅಲ್ಲಿಗೇ ಮುಗಿಯಿತು.

ಐರೋಪ್ಯ ಒಕ್ಕೂಟದ ಹಣದಿಂದ 2012ರಿಂದ 2014ರವರೆಗೆ ನಡೆದ ಯೋಜನೆಯೊಂದರಲ್ಲಿ 'ಎಂಕ್ಯೂಎಂ' ಎಂಬ ವಿಸ್ತಾರವಾದ ಚೌಕಟ್ಟು ರೂಪುಗೊಂಡಿತು. ಅದರಲ್ಲಿ ನೂರಕ್ಕೂ ಹೆಚ್ಚು ದೋಷಗಳ ಮರವೇ ಇದೆ. ಎಲ್ಲವನ್ನೂ ಬಳಸಿ ಎಂದು ಅದು ಹೇಳುವುದಿಲ್ಲ; ದಾಖಲೆಗೆ ಬೇಕಾದ ಕೊಂಬೆಗಳನ್ನು ಆರಿಸಿಕೊಳ್ಳಿ ಎನ್ನುತ್ತದೆ. ಸಣ್ಣದಕ್ಕೆ 1, ದೊಡ್ಡದಕ್ಕೆ 5, ಮಾರಕಕ್ಕೆ 25 ಎಂಬ ತೂಕ ಆ ಬಳಕೆಯಲ್ಲಿ ಪ್ರಚಲಿತವಾಗಿದೆ. ಅನುವಾದದ ಮೌಲ್ಯಮಾಪನಕ್ಕೆಂದೇ 2024ರಲ್ಲಿ ಐಎಸ್ಒ 5060 ಎಂಬ ಅಂತರರಾಷ್ಟ್ರೀಯ ಮಾನಕವೂ ಬಂದಿದೆ. ಗೂಗಲ್ ಸಂಶೋಧಕರು 2021ರಲ್ಲಿ ಇದೇ ಬಗೆಯ ದೋಷ ಗುರುತಿಸುವಿಕೆಯನ್ನು ವೃತ್ತಿಪರ ಅನುವಾದಕರಿಂದ ಮಾಡಿಸಿ, ಅಂತರ್ಜಾಲದಲ್ಲಿ ಕೂಲಿಗೆ ಸಿಗುವ ಸಾಮಾನ್ಯ ಓದುಗರು ಕೊಟ್ಟ ಅಂಕಗಳೊಂದಿಗೆ ಹೋಲಿಸಿದರು. ಎರಡು ಶ್ರೇಯಾಂಕಗಳೂ ಹೊಂದಲಿಲ್ಲ. ಸರಾಗವಾಗಿ ಓದಿಸಿಕೊಳ್ಳುವ ಯಂತ್ರಾನುವಾದ ಸಾಮಾನ್ಯ ಓದುಗರನ್ನು ಸುಲಭವಾಗಿ ಒಲಿಸಿಕೊಳ್ಳುತ್ತದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡ ಅನುವಾದಕರ ಮುಂದೆ ಆ ಆಟ ನಡೆಯುವುದಿಲ್ಲ.

ಕನ್ನಡದ ತೀರ್ಪಿಗೆ ಐದು ವರ್ಗ ಸಾಕು. ಅರ್ಥದ ತಪ್ಪು, ಬಿಟ್ಟದ್ದು ಅಥವಾ ಸೇರಿಸಿದ್ದು, ಪರಿಭಾಷೆ, ಭಾಷೆಯ ಸರಾಗತೆ, ಹಾಗೂ ದಾಖಲೆಯೊಳಗಿನ ಏಕರೂಪತೆ. ಕೊನೆಯದರಲ್ಲಿ ಕನ್ನಡದಂಥ ಭಾಷೆಗಳಿಗೆ ಬರುವ ಒಂದು ತೊಡಕು ಸೇರುತ್ತದೆ. ನ್ಯಾಯಮೂರ್ತಿಯೊಬ್ಬರು ಒಂದು ಪ್ಯಾರಾದಲ್ಲಿ 'ಅವರು ಅಭಿಪ್ರಾಯಪಟ್ಟರು' ಎಂದಿದ್ದು ಮುಂದಿನದರಲ್ಲಿ 'ಅವನು ಹೇಳಿದನು' ಎಂದಾದರೆ ಓದುಗ ಬೇರೆ ವ್ಯಕ್ತಿ ಬಂದ ಎಂದುಕೊಳ್ಳುತ್ತಾನೆ. ಇಂಗ್ಲಿಷ್ ಸರ್ವನಾಮದಲ್ಲಿ ಗೌರವದ ಗುರುತಿಲ್ಲದ ಕಾರಣ ಯಂತ್ರ ಪ್ರತಿ ವಾಕ್ಯದಲ್ಲೂ ಹೊಸದಾಗಿ ಊಹಿಸುತ್ತದೆ.

ತೀವ್ರತೆಯನ್ನು ನಿರ್ಧರಿಸಲು ವರ್ಗ ಸಾಲದು, ಪರಿಣಾಮ ನೋಡಬೇಕು. 'ಪೀಠ' ಎನ್ನಬೇಕಾದಲ್ಲಿ 'ಬೆಂಚು' ಎಂದಿದ್ದರೆ ಓದುಗ ನಕ್ಕು ಮುಂದೆ ಹೋಗುತ್ತಾನೆ, ಅದು ಸಣ್ಣದು. ಜೈಲು ಶಿಕ್ಷೆಯ ಮಾತು ಬಂದಲ್ಲಿ 'ಶಿಕ್ಷೆ' ಹೋಗಿ 'ವಾಕ್ಯ' ಬಂದಿದ್ದರೆ ಆ ಸಾಲು ಅರ್ಥವೇ ಆಗುವುದಿಲ್ಲ, ಅದು ದೊಡ್ಡದು. ಮೇಲ್ಮನವಿ ಸಲ್ಲಿಸಲು ನ್ಯಾಯಾಲಯ ಅನುಮತಿ ಕೊಟ್ಟಿದೆ ಎಂಬ ಮಾತು ಹಿಂದಿಯಲ್ಲಿ ರಜೆ ಮಂಜೂರಾಗಿದೆ ಎಂದಾದ ಪ್ರಸಂಗ ನ್ಯಾಯಾಂಗದ ವಲಯದಲ್ಲಿ ಪ್ರಸಿದ್ಧವಾಗಿದೆ. ಅದು ನಗೆ ಬರಿಸುವುದರಿಂದಲೇ ಅಪಾಯ ಕಡಿಮೆ. ತಪ್ಪು ತಾನಾಗಿಯೇ ಕೂಗಿ ಹೇಳುತ್ತದೆ. ನಿಜವಾಗಿ ಮಾರಕವಾದದ್ದು ಸದ್ದಿಲ್ಲದ ತಪ್ಪು. ಮೇಲ್ಮನವಿಯನ್ನು 'ಪುರಸ್ಕರಿಸಲಾಗಿದೆ' ಎನ್ನಬೇಕಾದಲ್ಲಿ ಯಂತ್ರ 'ಅನುಮತಿಸಲಾಗಿದೆ' ಎಂದು ಬರೆದರೆ ವ್ಯಾಕರಣ ಸರಿ, ಓಟ ಸರಿ. ಆದರೆ ಗೆದ್ದ ಕಕ್ಷಿದಾರ ತನಗೆ ಮೇಲ್ಮನವಿ ಹಾಕಲು ಅವಕಾಶ ಮಾತ್ರ ಸಿಕ್ಕಿದೆ ಎಂದು ತಿಳಿಯುತ್ತಾನೆ.

ಒಂದು ಲೆಕ್ಕ

ವಿಧಾನ ತಿಳಿಯಲು ಒಂದು ಕಲ್ಪಿತ ತೀರ್ಪನ್ನು ತೆಗೆದುಕೊಳ್ಳೋಣ. ಇಂಗ್ಲಿಷಿನಲ್ಲಿ ಅದು 20,000 ಪದ. ಘಟನಾವಳಿ 8,000, ವಕೀಲರ ವಾದ 4,000, ಅಧಿನಿಯಮ ಮತ್ತು ಹಳೆಯ ತೀರ್ಪುಗಳ ಉದ್ಧರಣೆ 3,000, ನ್ಯಾಯಾಲಯದ ವಿಶ್ಲೇಷಣೆ 4,400, ಅಂತಿಮ ಆದೇಶ 600. ಆದೇಶವನ್ನು ಪೂರ್ತಿ ಓದುವುದು ಎಂದಾಯಿತು. ಉಳಿದ ನಾಲ್ಕು ಪದರಗಳಿಂದ 250 ಪದಗಳ ಎಂಟು ತುಣುಕು, ಒಟ್ಟು 2,000 ಪದ. ಸಾವಿರ ಪದಕ್ಕೆ 20 ದೋಷಾಂಕ ಮೀರಿದರೆ ಅನುವಾದ ನಪಾಸು, ಒಂದೇ ಮಾರಕ ದೋಷ ಕಂಡರೂ ನಪಾಸು ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆದರೆ ಅದು ಬೇಕಾದ ಕಡೆಗೆ ಜರುಗುತ್ತದೆ.

ಪರಿಶೀಲಕರು ಮೊದಲು ಕನ್ನಡವನ್ನಷ್ಟೇ ಓದಿ ತಡವರಿಸಿದ ಜಾಗಗಳಿಗೆ ಗುರುತು ಹಾಕುತ್ತಾರೆ. ಮೂಲ ನೋಡಿದ ಮೇಲೆ ಮನಸ್ಸು ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಕೆ. ಒಂದೇ ಪರಿಭಾಷೆಯ ಒಂದೇ ತಪ್ಪು ಒಂಬತ್ತು ಸಲ ಬಂದರೆ ಅದನ್ನು ಒಂದೇ ದೋಷ ಎಂದು ಎಣಿಸಿ, ಎಷ್ಟು ಸಲ ಎಂದು ಪಕ್ಕದಲ್ಲಿ ಬರೆಯುತ್ತಾರೆ. ಹುಡುಕಿ ಬದಲಿಸಿದರೆ ಒಂದೇ ಏಟಿಗೆ ಹೋಗುವ ತಪ್ಪು ಅದು.

ಘಟನಾವಳಿಯ ಮೂರು ತುಣುಕುಗಳಲ್ಲಿ ನಾಲ್ಕು ಸಣ್ಣ ಮತ್ತು ಒಂದು ದೊಡ್ಡ ದೋಷ ಸಿಕ್ಕವು ಎಂದುಕೊಳ್ಳೋಣ: 9 ದೋಷಾಂಕ, ಅಂದರೆ ಸಾವಿರ ಪದಕ್ಕೆ 12. ವಾದದ ಎರಡು ತುಣುಕುಗಳಲ್ಲಿ ಮೂರು ಸಣ್ಣ, ಒಂದು ದೊಡ್ಡದು: ಸಾವಿರಕ್ಕೆ 16. ವಿಶ್ಲೇಷಣೆಯ ಎರಡರಲ್ಲಿ ಐದು ಸಣ್ಣ, ಎರಡು ದೊಡ್ಡವು: ಸಾವಿರಕ್ಕೆ 30. ಉದ್ಧರಣೆಯ ಒಂದೇ ತುಣುಕಿನಲ್ಲಿ ಎರಡು ಸಣ್ಣ, ಮೂರು ದೊಡ್ಡವು: ಸಾವಿರಕ್ಕೆ 68. ಎಲ್ಲ ಸೇರಿ ಹದಿನಾಲ್ಕು ಸಣ್ಣ, ಏಳು ದೊಡ್ಡ ದೋಷಗಳು, 49 ದೋಷಾಂಕ, ಸಾವಿರ ಪದಕ್ಕೆ 24.5. ಗೆರೆ ದಾಟಿತು, ನಪಾಸು.

ಆದರೆ 24.5 ಎಂಬ ಒಂಟಿ ಅಂಕಿ ಹೇಳುವುದು ಬಹಳ ಕಡಿಮೆ. ಪದರವಾರು ಅಂಕಿ ನೋಡಿದಾಗ ಘಟನಾವಳಿಯೂ ವಾದವೂ ಪಾಸಾಗಿವೆ, ಕೆಟ್ಟಿರುವುದು ಉದ್ಧರಣೆ ಮತ್ತು ವಿಶ್ಲೇಷಣೆ ಎಂದು ತಿಳಿಯುತ್ತದೆ. ಉದ್ಧರಣೆಯ 68 ಮಾತ್ರ 250 ಪದಗಳ ಒಂದೇ ತುಣುಕಿನಿಂದ ಬಂದದ್ದು. ಅಲ್ಲಿ ಒಂದು ದೊಡ್ಡ ದೋಷ ಹೆಚ್ಚು ಕಡಿಮೆಯಾದರೆ ಅಂಕಿ 20ರಷ್ಟು ಜಿಗಿಯುತ್ತದೆ. ಆದ್ದರಿಂದ ಅದೇ ಪದರದಿಂದ ಇನ್ನೂ ಮೂರು ತುಣುಕು ತೆಗೆಯಬೇಕು. ಅವುಗಳಲ್ಲಿ ಆರು ಸಣ್ಣ, ಎಂಟು ದೊಡ್ಡ ದೋಷ ಸಿಕ್ಕರೆ ನಾಲ್ಕೂ ಸೇರಿ ಸಾವಿರ ಪದಕ್ಕೆ 63. ಮೊದಲ ಅನುಮಾನ ಗಟ್ಟಿಯಾಯಿತು. ಇಲ್ಲಿಗೆ ಮದ್ದು ಯಂತ್ರವನ್ನು ಬೈಯುವುದಲ್ಲ. ಅಧಿನಿಯಮಕ್ಕೆ ಅಧಿಕೃತ ಕನ್ನಡ ಪಠ್ಯವಿದ್ದರೆ, ಕೇಂದ್ರದ ಕಾನೂನುಗಳಿಗೆ ಅಂಥ ಪಠ್ಯ ಪ್ರಕಟಿಸಲೆಂದು 1973ರ ಕಾಯ್ದೆಯೇ ಇದೆ, ಉದ್ಧರಣೆಯ ಜಾಗದಲ್ಲಿ ಅದನ್ನೇ ತಂದು ಕೂರಿಸಬೇಕು. ವಿಶ್ಲೇಷಣೆಯ ಭಾಗವನ್ನು ಅನುವಾದಕರು ಪೂರ್ತಿ ತಿದ್ದಬೇಕು. ಘಟನಾವಳಿಗೆ ಹಗುರ ಓದು ಸಾಕು.

ಇನ್ನು ಆರುನೂರು ಪದಗಳ ಆದೇಶ. ಅಲ್ಲಿ ಎರಡು ಸಣ್ಣ ದೋಷಗಳ ಜೊತೆಗೆ 'ಅನುಮತಿಸಲಾಗಿದೆ' ಎಂಬ ಮಾರಕ ದೋಷ ಸಿಕ್ಕಿತು ಎಂದಿಟ್ಟುಕೊಳ್ಳಿ. ಅದರ 25ನ್ನು ಉಳಿದ ಮೊತ್ತಕ್ಕೆ ಸೇರಿಸಿ ಸರಾಸರಿ ತೆಗೆದರೆ ಒಳ್ಳೆಯ ಪುಟಗಳು ಅದನ್ನು ಮುಚ್ಚಿಹಾಕಬಹುದು. ಆದ್ದರಿಂದಲೇ ಮಾರಕ ದೋಷಕ್ಕೆ ಪ್ರತ್ಯೇಕ ಬಾಗಿಲು. ಉಳಿದ ಅಂಕ ಎಷ್ಟೇ ಚೆನ್ನಾಗಿರಲಿ, ಇಲ್ಲಿ ಒಂದು ಸಿಕ್ಕರೆ ಅನುವಾದ ಹೊರಗೆ ಹೋಗಬಾರದು.

ಅಂಕ ಹಾಕುವವರಲ್ಲೇ ವ್ಯತ್ಯಾಸ

ಇಷ್ಟೆಲ್ಲ ಆದ ಮೇಲೂ ಅಂಕ ಹಾಕುವವರು ಇಬ್ಬರಾದರೆ ಎರಡು ಅಂಕ ಬರುತ್ತವೆ. ಭಿನ್ನಾಭಿಪ್ರಾಯ ವರ್ಗಕ್ಕಿಂತ ತೀವ್ರತೆಯಲ್ಲೇ ಹೆಚ್ಚು: ಒಬ್ಬರಿಗೆ ಸಣ್ಣದು ಇನ್ನೊಬ್ಬರಿಗೆ ದೊಡ್ಡದು, ಒಂದೇ ಏಟಿಗೆ ನಾಲ್ಕು ಅಂಕದ ಅಂತರ. ಮೇಲಿನ ಉದಾಹರಣೆಯಲ್ಲಿ ಏಳು ದೊಡ್ಡ ದೋಷಗಳಲ್ಲಿ ಮೂರನ್ನು ಎರಡನೇ ಪರಿಶೀಲಕರು ಸಣ್ಣವೆಂದರೆ ಮೊತ್ತ 37ಕ್ಕೆ ಇಳಿದು ಸಾವಿರಕ್ಕೆ 18.5 ಆಗುತ್ತದೆ, ನಪಾಸಾದದ್ದು ಪಾಸಾಗುತ್ತದೆ. ಹೀಗಾಗಿ ಎಂಟರಲ್ಲಿ ಎರಡು ತುಣುಕುಗಳನ್ನಾದರೂ ಇಬ್ಬರೂ ಪರಸ್ಪರ ನೋಡದೆ ಓದಿ, ಆಮೇಲೆ ಕೂತು ವ್ಯತ್ಯಾಸಗಳನ್ನು ಮಾತಾಡಿಕೊಂಡು, ಯಾವುದು ಸಣ್ಣ, ಯಾವುದು ದೊಡ್ಡ ಎಂಬುದಕ್ಕೆ ಉದಾಹರಣೆಗಳ ಪಟ್ಟಿ ಮಾಡಿಕೊಳ್ಳುವುದು ಉತ್ತಮ. ಗೆರೆಯ ಆಸುಪಾಸಿನ ಅಂಕವನ್ನು ಪಾಸು, ನಪಾಸು ಎನ್ನುವ ಬದಲು ಇನ್ನಷ್ಟು ತುಣುಕು ಓದಿ ಎಂಬ ಸೂಚನೆಯಾಗಿ ತೆಗೆದುಕೊಳ್ಳಬೇಕು.

ಕನ್ನಡದಲ್ಲಿ ಇಂಥ ಪಟ್ಟಿಗಳನ್ನು ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಬೇಕಾಗಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಭಾರತೀಯ ಭಾಷೆಗಳ ಯಂತ್ರಾನುವಾದಕ್ಕೆ ಎಂಕ್ಯೂಎಂ ಮಾದರಿಯ 7,000 ದೋಷ ಗುರುತಿನ ದಾಖಲೆಗಳನ್ನು ಪ್ರಕಟಿಸಿತು. ತಮಿಳು, ಮಲಯಾಳಂ, ಮರಾಠಿ, ಗುಜರಾತಿ, ಹಿಂದಿ ಅದರಲ್ಲಿವೆ, ಕನ್ನಡ ಇಲ್ಲ. ಅದೇ ಸಂಸ್ಥೆ ಆ ವರ್ಷವೇ ಹೊರತಂದ ಅನುವಾದ ತಂತ್ರಾಂಶ ಕನ್ನಡವೂ ಸೇರಿ ಇಪ್ಪತ್ತೆರಡು ಭಾಷೆಗಳಲ್ಲಿ ಕೆಲಸ ಮಾಡುತ್ತದೆ. ಅನುವಾದ ಮಾಡುವ ಸೌಕರ್ಯ ಬಂದಷ್ಟು ಬೇಗ ಅದನ್ನು ಅಳೆಯುವ ಸಾಮಗ್ರಿ ಬಂದಿಲ್ಲ. ಸದ್ಯಕ್ಕೆ ಒಂದೊಂದು ಕಚೇರಿಯೂ ತನ್ನ ತುಣುಕುಗಳು, ಪದರವಾರು ದೋಷಾಂಕ, ಓದದೆ ಬಿಟ್ಟ ಭಾಗದ ಪ್ರಮಾಣ, ಇಬ್ಬರು ಪರಿಶೀಲಕರ ನಡುವಿನ ಅಂತರ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅನುವಾದದ ಜೊತೆಗೇ ಇಟ್ಟರೆ, ಮುಂದಿನ ತೀರ್ಪನ್ನು ಅಳೆಯುವವರು ಎಲ್ಲಿ ಹೆಚ್ಚು ತುಣುಕು ತೆಗೆಯಬೇಕೆಂದು ಅದರಿಂದಲೇ ತಿಳಿದುಕೊಳ್ಳಬಹುದು.